ಪುಸ್ತಕಕ್ಕೂ ಜಿಎಸ್‌ಟಿ ರಿಟರ್ನಿಗೂ ತಾಳೆ ಇಲ್ಲ ಎಂಬ ನೋಟಿಸಿಗೆ ಉತ್ತರ ಬರೆಯುವ ಬಗೆ

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಸಣ್ಣ ಅಂಗಡಿ ನಡೆಸುವವರು ನನ್ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ನಮ್ಮ ಪುಸ್ತಕದ ವ್ಯಾಪಾರ ಒಂದು, ರಿಟರ್ನಿನಲ್ಲಿ ತೋರಿಸಿದ್ದು ಇನ್ನೊಂದು ಎಂದು ತೆರಿಗೆ ಇಲಾಖೆಯಿಂದ ನೋಟಿಸ್ ಬಂದಿದೆ. ಏನು ಬರೆಯಬೇಕು?" ಹೆಚ್ಚಿನವರು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಕೆಲವರು ಹೆದರಿ, ಕೇಳಿದಷ್ಟೂ ಹಣ ಕಟ್ಟಿಬಿಡುತ್ತಾರೆ. ಇನ್ನು ಕೆಲವರು "ಲೆಕ್ಕ ಬರೆಯುವವರ ಕಣ್ತಪ್ಪಿನಿಂದ ಹೀಗಾಗಿದೆ, ದಯವಿಟ್ಟು ಮನ್ನಿಸಬೇಕು" ಎಂದು ಎರಡು ಸಾಲು ಬರೆದು ಕಳುಹಿಸುತ್ತಾರೆ. ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ವ್ಯತ್ಯಾಸದ ಪೂರ್ತಿ ಮೊತ್ತವನ್ನು ನೀವೇ ಒಪ್ಪಿಕೊಂಡಂತೆ ಅದನ್ನು ಓದಬಹುದು. ಅಧಿಕಾರಿಗೆ ಬೇಕಾಗಿರುವುದು ಕ್ಷಮಾಪಣೆಯಲ್ಲ. ವ್ಯತ್ಯಾಸದ ಒಂದೊಂದು ರೂಪಾಯಿಯೂ ಎಲ್ಲಿಂದ ಬಂತು ಎಂಬ ಲೆಕ್ಕ ಬೇಕು.

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಕುಂಬಳೆಯಲ್ಲಿ ಒಂದು ಪೈಂಟು ಮತ್ತು ಹಾರ್ಡ್‌ವೇರ್ ಅಂಗಡಿ. ಮಾರುವ ಸಾಮಾನುಗಳಿಗೆಲ್ಲ ಶೇಕಡಾ 18 ತೆರಿಗೆ. ಸಾಮಾನು ಬರುವುದು ಹೆಚ್ಚಾಗಿ ಮಂಗಳೂರಿನ ಸಗಟು ಅಂಗಡಿಗಳಿಂದ. ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುತ್ತಾರೆ. 2024-25ರ ಲೆಕ್ಕದ ಬಗ್ಗೆ 2026ರ ಜನವರಿ 12ಕ್ಕೆ ಅವರಿಗೆ ನೋಟಿಸ್ ಬಂದಿದೆ. ಅದರಲ್ಲಿ ಎರಡು ಆಕ್ಷೇಪಗಳಿವೆ. ಒಂದು, ಆದಾಯ ತೆರಿಗೆಗೆ ತೋರಿಸಿದ ವ್ಯಾಪಾರ 71,36,500 ರೂಪಾಯಿ, ಜಿಎಸ್‌ಟಿ ರಿಟರ್ನಿನಲ್ಲಿರುವುದು 69,94,100. ಎರಡು, ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು, ಕಟ್ಟಬೇಕಾದ ತೆರಿಗೆಯಿಂದ 20,160 ರೂಪಾಯಿ ಹೆಚ್ಚಾಗಿ ಕಳೆಯಲಾಗಿದೆ.

1. ಬಂದಿರುವುದು ಯಾವ ನೋಟಿಸ್ ಎಂದು ಮೊದಲು ನೋಡಿ

ನೋಟಿಸಿನ ತಲೆಯಲ್ಲಿ ಫಾರ್ಮಿನ ಹೆಸರಿರುತ್ತದೆ. ಉತ್ತರಿಸಲು ಎಷ್ಟು ದಿನವಿದೆ ಎಂಬುದು ಅದರ ಮೇಲೆ ನಿಂತಿದೆ. ನಮ್ಮ ಉದಾಹರಣೆಯಲ್ಲಿ ಬಂದಿರುವುದು ASMT-10. ಅಧಿಕಾರಿ ರಿಟರ್ನುಗಳನ್ನು ಪರಿಶೀಲಿಸಿ, ಹೊಂದಾಣಿಕೆಯಾಗದ ಅಂಶಗಳಿಗೆ ವಿವರಣೆ ಕೇಳುವ ನೋಟಿಸ್ ಇದು. ಜಿಎಸ್‌ಟಿ ಕಾಯ್ದೆಯ 61ನೆಯ ಸೆಕ್ಷನ್ ಪ್ರಕಾರ ಬರುತ್ತದೆ. ಉತ್ತರಕ್ಕೆ ನೋಟಿಸಿನಲ್ಲೇ ಗಡುವು ಇರುತ್ತದೆ, ಸಾಮಾನ್ಯವಾಗಿ 30 ದಿನ. ಉತ್ತರ ಸಲ್ಲಿಸುವ ಫಾರ್ಮ್ ASMT-11.

DRC-01B ಅಥವಾ DRC-01C ಬಂದಿದ್ದರೆ ನಿಮಗಿರುವುದು ಏಳೇ ದಿನ. ಅವು ಗಣಕ ವ್ಯವಸ್ಥೆಯೇ ಕಳುಹಿಸುವ ಸೂಚನೆಗಳು. DRC-01 ಎಂದಿದ್ದರೆ ವಿಷಯ ಮುಂದೆ ಹೋಗಿದೆ, ಅದು ಶೋಕಾಸ್ ನೋಟಿಸ್. ಅದಕ್ಕೆ ವೃತ್ತಿಪರರ ಸಹಾಯವಿಲ್ಲದೆ ಉತ್ತರಿಸಬೇಡಿ.

ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಪೋರ್ಟಲಿನಲ್ಲಿ ನೋಟಿಸುಗಳಿಗೆ ಎರಡು ಕಡೆ ಸ್ಥಳವಿದೆ. ಪರಿಶೀಲನೆಯ ನೋಟಿಸುಗಳು ಸಿಗುವುದು ಇಲ್ಲಿ:

```
Services > User Services > View Additional Notices/Orders
```

`View Notices and Orders` ಎಂಬ ಇನ್ನೊಂದು ಪುಟವನ್ನು ಮಾತ್ರ ತೆರೆದು "ಏನೂ ಬಂದಿಲ್ಲ" ಎಂದು ಕುಳಿತವರಿಗೆ ಗಡುವು ದಾಟಿದ ಮೇಲೆಯೇ ಗೊತ್ತಾಗುತ್ತದೆ. ನೋಂದಣಿಯಲ್ಲಿ ಕೊಟ್ಟ ಮೊಬೈಲ್ ಸಂಖ್ಯೆ ನಿಮ್ಮ ಲೆಕ್ಕಿಗರದ್ದೋ ನಿಮ್ಮದೋ ಎಂಬುದನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಿ.

2. ಪುಸ್ತಕವನ್ನು ತಿದ್ದಬೇಡಿ, ಪ್ರತಿ ತೆಗೆದಿಡಿ

ನೋಟಿಸ್ ಬಂದ ಕೂಡಲೇ ಕಂಪ್ಯೂಟರಿನಲ್ಲಿರುವ ಲೆಕ್ಕವನ್ನು ರಿಟರ್ನಿಗೆ ಹೊಂದುವಂತೆ ಸರಿಮಾಡಿಬಿಡೋಣ ಎನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆದಾಯ ತೆರಿಗೆಗೆ ಈಗಾಗಲೇ ಹಳೆಯ ಅಂಕಿ ಹೋಗಿದೆ. ತಿದ್ದಿದ ಪುಸ್ತಕ ಸಿಕ್ಕಿಬಿದ್ದರೆ, ಸಾಮಾನ್ಯ ಕಣ್ತಪ್ಪಾಗಿ ಮುಗಿಯುತ್ತಿದ್ದದ್ದು ಉದ್ದೇಶಪೂರ್ವಕ ವಂಚನೆಯ ಬಣ್ಣ ಪಡೆಯುತ್ತದೆ. ಇವೆರಡಕ್ಕೂ ಕಾನೂನಿನಲ್ಲಿ ದಂಡದ ಪ್ರಮಾಣವೇ ಬೇರೆ. ತಪ್ಪು ನಮೂದು ಇದ್ದರೆ ಇರಲಿ. ಅದು ತಪ್ಪು ಎಂದು ಪತ್ರದಲ್ಲಿ ತೋರಿಸಿದರಾಯಿತು.

ಮೇಜಿನ ಮೇಲೆ ಇರಬೇಕಾದವು ಇಷ್ಟು: ಆ ವರ್ಷದ ಮಾರಾಟ ಮತ್ತು ಖರೀದಿಯ ಖಾತೆ, ಬಿಲ್ ಪುಸ್ತಕಗಳು, ಮೂರು ಬಗೆಯ ರಿಟರ್ನ್ ಪ್ರತಿಗಳು. ಈ ಮೂರರ ಪರಿಚಯ ಬೇಕು. GSTR-1 ಎಂದರೆ ನೀವು ಮಾರಿದ ಬಿಲ್ಲುಗಳ ಪಟ್ಟಿ. GSTR-3B ಎಂದರೆ ತೆರಿಗೆ ಕಟ್ಟುವ ಸಾರಾಂಶ. GSTR-2B ನೀವು ಸಲ್ಲಿಸುವುದಲ್ಲ. ನಿಮಗೆ ಸಾಮಾನು ಕೊಟ್ಟವರು ಸಲ್ಲಿಸಿದ ಬಿಲ್ಲುಗಳಿಂದ ನಿಮ್ಮ ಹೆಸರಿನಲ್ಲಿ ತಾನಾಗಿ ತಯಾರಾಗುವ ಪಟ್ಟಿ. ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು, ಅಂದರೆ ಇನ್‌ಪುಟ್ ಕ್ರೆಡಿಟನ್ನು, ನೀವು ಕಟ್ಟಬೇಕಾದ ತೆರಿಗೆಯಿಂದ ಕಳೆಯಬೇಕಾದರೆ ಬಿಲ್ಲು ಇದರಲ್ಲಿ ಕಾಣಿಸಿರಬೇಕು.

3. ಮಾರಾಟದ ವ್ಯತ್ಯಾಸಕ್ಕೆ ತಾಳೆಪಟ್ಟಿ ಮಾಡಿ

ಪತ್ರದ ಜೀವವಿರುವುದು ಈ ಹಂತದಲ್ಲಿ. 71,36,500ರಲ್ಲಿ 69,94,100 ಕಳೆದರೆ 1,42,400. ಈ ಮೊತ್ತವನ್ನು ಮೂರು ತಿಂಗಳಿನ ನಾಲ್ಕು ಕಂತುಗಳಾಗಿ ಮೊದಲು ಒಡೆಯಿರಿ. ಯಾವ ಕಂತಿನಲ್ಲಿ ಪುಸ್ತಕ ಮತ್ತು ರಿಟರ್ನ್ ಸರಿಯಾಗಿ ಕೂಡುತ್ತವೆಯೋ ಅದನ್ನು ಬದಿಗಿಡಿ. ಉಳಿದ ಕಂತುಗಳಲ್ಲಿ ಬಿಲ್ಲಿಗೆ ಬಿಲ್ಲು ಹಿಡಿದು ನೋಡಿ. ನಮ್ಮ ಅಂಗಡಿಯಲ್ಲಿ ಮೂರು ಕಾರಣಗಳು ಸಿಕ್ಕವು.

ಮೊದಲನೆಯದು ನಿಜವಾಗಿಯೂ ಬಿಟ್ಟುಹೋದ ಬಿಲ್ಲು. ಮಾರ್ಚ್ 28ರಂದು ಒಬ್ಬ ಗುತ್ತಿಗೆದಾರರಿಗೆ 64,000 ರೂಪಾಯಿಯ ಪೈಂಟು ಕೊಟ್ಟ ಬಿಲ್ಲು ಪುಸ್ತಕದಲ್ಲಿದೆ, ರಿಟರ್ನಿನಲ್ಲಿ ಇಲ್ಲ. ಇದರ ತೆರಿಗೆ 11,520 ರೂಪಾಯಿ ಬಾಕಿ.

ಎರಡನೆಯದು ತೆರಿಗೆ ಸೇರಿಸಿ ಬರೆದ ಮಾರಾಟ. ಹೊಸದಾಗಿ ಬಂದ ಹುಡುಗ ಕೆಲವು ವಾರಗಳ ನಗದು ವ್ಯಾಪಾರವನ್ನು ಗಲ್ಲಾಪೆಟ್ಟಿಗೆಗೆ ಬಂದ ಒಟ್ಟು ಹಣವಾಗಿಯೇ, 5,90,000 ಎಂದು, ಮಾರಾಟದ ಖಾತೆಗೆ ಹಾಕಿದ್ದಾನೆ. ರಿಟರ್ನಿನಲ್ಲಿ ಸರಿಯಾಗಿ 5,00,000 ಮಾರಾಟ, 90,000 ತೆರಿಗೆ ಎಂದು ಹೋಗಿದೆ. ಪುಸ್ತಕದಲ್ಲಿ 90,000 ಹೆಚ್ಚು ಕಾಣಲು ಇದು ಕಾರಣ. ಇಲ್ಲಿ ತೆರಿಗೆ ಬಾಕಿ ಒಂದು ಪೈಸೆಯೂ ಇಲ್ಲ. ಲೆಕ್ಕ ಮಾಡುವಾಗ ಎಚ್ಚರವಿರಲಿ: ತೆರಿಗೆ ಸೇರಿದ ಮೊತ್ತದಿಂದ ಮೂಲಬೆಲೆ ತೆಗೆಯಲು 118ರಿಂದ ಭಾಗಿಸಿ 100ರಿಂದ ಗುಣಿಸಬೇಕು. 5,90,000ದ ಶೇಕಡಾ 18 ಎಂದು 1,06,200 ಕಳೆದರೆ ಪಟ್ಟಿ ಎಂದಿಗೂ ಕೂಡುವುದಿಲ್ಲ.

ಮೂರನೆಯದು ವಾಪಸು ಬಂದ ಸಾಮಾನು. ಮಾರ್ಚ್ ಕೊನೆಗೆ 11,600 ರೂಪಾಯಿಯ ಸಾಮಾನು ಹಿಂದಕ್ಕೆ ಬಂತು. ಪುಸ್ತಕದಲ್ಲಿ ಅದೇ ತಿಂಗಳು ಕಳೆದಿದ್ದಾರೆ. ಅದರ ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನ ಮೊತ್ತ ಇಳಿಸಿದ್ದಕ್ಕೆ ಕೊಡುವ ಚೀಟಿ, ರಿಟರ್ನಿಗೆ ಹೋದದ್ದು ಏಪ್ರಿಲ್–ಜೂನ್ ಕಂತಿನಲ್ಲಿ. ಇದರಿಂದ ಪುಸ್ತಕವೇ 11,600 ಕಡಿಮೆ ತೋರಿಸುತ್ತದೆ. ಹೀಗೆ ವಿರುದ್ಧ ದಿಕ್ಕಿನ ವ್ಯತ್ಯಾಸ ಇದ್ದೇ ಇರುತ್ತದೆ. ಅದನ್ನು ಹುಡುಕದೆ ಬಿಟ್ಟರೆ "ಇನ್ನೂ ಸ್ವಲ್ಪ ಕೂಡುತ್ತಿಲ್ಲ" ಎಂದು ರಾತ್ರಿಯಿಡೀ ಕುಳಿತಿರುತ್ತೀರಿ.

64,000ಕ್ಕೆ 90,000 ಕೂಡಿಸಿ, 11,600 ಕಳೆದರೆ 1,42,400. ಪಟ್ಟಿ ಕೂಡಿತು. ನೋಟಿಸಿನಲ್ಲಿ 1,42,400ಕ್ಕೂ ತೆರಿಗೆ ಕೇಳಿದರೆ ಅದು 25,632 ರೂಪಾಯಿ. ನಿಜವಾಗಿ ಬಾಕಿ ಇರುವುದು 11,520. ಹೆದರಿ ಪೂರ್ತಿ ಕಟ್ಟುವವರು ಕಳೆದುಕೊಳ್ಳುವುದು ಇವೆರಡರ ನಡುವಿನ ವ್ಯತ್ಯಾಸವನ್ನು.

4. ಖರೀದಿಯ ಕಡೆಗೆ ಬನ್ನಿ. ಗಡಿಯ ಅಂಗಡಿಗಳ ಕಷ್ಟ ಇಲ್ಲಿದೆ

ತಲಪಾಡಿ ದಾಟಿದರೆ ರಾಜ್ಯ ಬೇರೆ, ಆದ್ದರಿಂದ ತೆರಿಗೆಯ ತಲೆಬರಹವೂ ಬೇರೆ. ಕೇರಳದೊಳಗೆ ಖರೀದಿಸಿದರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎಂದು ಎರಡು ಭಾಗ. ಕರ್ನಾಟಕದಿಂದ ಕೇರಳಕ್ಕೆ ಬಂದರೆ ಐಜಿಎಸ್‌ಟಿ ಎಂಬ ಒಂದೇ ತೆರಿಗೆ. ಮಂಗಳೂರಿನ ವ್ಯಾಪಾರಿ ಲಾರಿಯಲ್ಲಿ ಕಳುಹಿಸಿದಾಗ ಬಿಲ್ಲು ಸರಿಯಾಗಿಯೇ ಇರುತ್ತದೆ. ನೀವೇ ವ್ಯಾನು ತೆಗೆದುಕೊಂಡು ಬಂದರಿನ ಅಂಗಡಿಗೆ ಹೋಗಿ ತುಂಬಿಸಿಕೊಂಡು ಬಂದಾಗ ಅಲ್ಲಿನವರು ಅದನ್ನು ಸ್ಥಳೀಯ ಮಾರಾಟ ಎಂದುಕೊಂಡು ಕರ್ನಾಟಕದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿ ಬಿಲ್ಲು ಕೊಡುತ್ತಾರೆ. ಸಾಮಾನು ಕೊನೆಗೆ ತಲುಪುವುದು ಕೇರಳಕ್ಕಾದ್ದರಿಂದ ಅಲ್ಲಿ ಐಜಿಎಸ್‌ಟಿಯೇ ಇರಬೇಕಿತ್ತು. ಕರ್ನಾಟಕದ ಆ ತೆರಿಗೆಯನ್ನು ಕೇರಳದಲ್ಲಿ ನೋಂದಣಿಯಾದ ನೀವು ನಿಮ್ಮ ತೆರಿಗೆಯಿಂದ ಕಳೆಯಲು ಬರುವುದಿಲ್ಲ. GSTR-2Bಯಲ್ಲಿ ಆ ಬಿಲ್ಲು ಕಾಣಿಸುತ್ತದೆ, ಆದರೆ `ITC not available` ಎಂಬ ಭಾಗದಲ್ಲಿ. ಬಿಲ್ಲು ಕಂಡಿತು ಎಂದು ಖುಷಿಪಟ್ಟು, ಯಾವ ಭಾಗದಲ್ಲಿದೆ ಎಂದು ನೋಡದೆ ಲೆಕ್ಕಕ್ಕೆ ಸೇರಿಸುವವರು ನಮ್ಮಲ್ಲಿ ತುಂಬ ಮಂದಿ.

ಕುಂಬಳೆಯ ಅಂಗಡಿಯ 20,160ರಲ್ಲಿ 12,600 ಇಂತಹ ಒಂದು ಬಿಲ್ಲಿನದ್ದು. 70,000 ರೂಪಾಯಿಯ ಪ್ಲೈವುಡ್, ಜನವರಿ–ಮಾರ್ಚ್ ಕಂತಿನದ್ದು. ಸಮಯವಿದ್ದಾಗ ಇದಕ್ಕೆ ಮದ್ದಿದೆ: ಮಾರಿದವರು ತಮ್ಮ GSTR-1ರಲ್ಲಿ ಬಿಲ್ಲನ್ನು ತಿದ್ದಿ ಐಜಿಎಸ್‌ಟಿ ಕಟ್ಟಿ, ತಪ್ಪಾಗಿ ಕಟ್ಟಿದ ತೆರಿಗೆಯನ್ನು ಸರ್ಕಾರದಿಂದ ಮರಳಿ ಕೇಳಬಹುದು. ಆದರೆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಈ ತಿದ್ದುಪಡಿಗೂ ನೀವು ಕ್ರೆಡಿಟ್ ಕೇಳುವುದಕ್ಕೂ ಹೆಚ್ಚೆಂದರೆ ಸಿಗುವ ಗಡುವು. ಜನವರಿಯಲ್ಲಿ ನೋಟಿಸ್ ಬರುವ ಹೊತ್ತಿಗೆ ಅದು ಮುಗಿದಿದೆ. ಆದ್ದರಿಂದ 12,600 ಹಿಂದಿರುಗಿಸಲೇಬೇಕು. ಇಲ್ಲಿ ವಾದ ಹೂಡಿ ಪತ್ರದ ಉಳಿದ ಭಾಗದ ನಂಬಿಕೆ ಕೆಡಿಸಿಕೊಳ್ಳಬೇಡಿ.

ಉಳಿದ 7,560 ಕೇವಲ ಕಾಲದ ವ್ಯತ್ಯಾಸ. ಮಾರ್ಚ್ 29ರ ಐಜಿಎಸ್‌ಟಿ ಬಿಲ್ಲು. ಕೊಟ್ಟವರು ತಮ್ಮ ರಿಟರ್ನ್ ತಡವಾಗಿ ಸಲ್ಲಿಸಿದ್ದರಿಂದ ಮುಂದಿನ ಕಂತಿನ 2Bಯಲ್ಲಿ ಕಾಣಿಸಿದೆ. ಇವರು ಒಂದು ಕಂತು ಮೊದಲೇ ತೆಗೆದುಕೊಂಡಿದ್ದಾರೆ. ಇಲ್ಲಿ ತೋರಿಸಬೇಕಾದದ್ದು ಎರಡು: ಬಿಲ್ಲು ಏಪ್ರಿಲ್–ಜೂನ್ 2Bಯಲ್ಲಿ ಇದೆ, ಮತ್ತು ಆ ಕಂತಿನಲ್ಲಿ ಅದನ್ನು ಎರಡನೆಯ ಸಲ ತೆಗೆದುಕೊಂಡಿಲ್ಲ. ಈ ಎರಡನೆಯ ಮಾತನ್ನು ಬರೆಯಲು ಮರೆಯುವವರೇ ಹೆಚ್ಚು, ಅಧಿಕಾರಿ ಮೊದಲು ಕೇಳುವುದೂ ಅದನ್ನೇ.

ನಿಮ್ಮಲ್ಲಿ ಇನ್ನೊಂದು ಬಗೆಯ ತಪ್ಪು ಇರಬಹುದು: ಬಿಲ್ಲಿನಲ್ಲಿ ಐಜಿಎಸ್‌ಟಿ ಸರಿಯಾಗಿದೆ, ನೀವು 3Bಯಲ್ಲಿ ಅದನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕಾಲಮಿಗೆ ಹಾಕಿದ್ದೀರಿ. ಇದಕ್ಕೂ ಮೇಲಿನದಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ಹೀಗೆ ಕಾಲಮ್ ತಪ್ಪಿದ್ದನ್ನು ಕ್ರೆಡಿಟನ್ನು ತಪ್ಪಾಗಿ ಪಡೆದದ್ದು ಎಂದು ಎಣಿಸಲಾಗದು ಎಂದು ಕೇರಳ ಹೈಕೋರ್ಟಿನ ವಿಭಾಗೀಯ ಪೀಠ 2024ರಲ್ಲಿ ಹೇಳಿದೆ. ಅಂತಹ ವ್ಯತ್ಯಾಸಕ್ಕೆ ಹಣ ಕಟ್ಟುವ ಮೊದಲು ಒಬ್ಬ ತೆರಿಗೆ ಸಲಹೆಗಾರರನ್ನು ಕಾಣಿ.

5. ಬಾಕಿ ಇರುವುದನ್ನು ಬಡ್ಡಿ ಸಹಿತ ಕಟ್ಟಿ, ಆಮೇಲೆ ಪತ್ರ ಬರೆಯಿರಿ

ಸಲ್ಲಿಸಿದ ಜಿಎಸ್‌ಟಿ ರಿಟರ್ನನ್ನು ಹಿಂದಕ್ಕೆ ತೆಗೆದು ತಿದ್ದುವ ದಾರಿ ಈಗಿಲ್ಲ. ಬಾಕಿಯನ್ನು DRC-03 ಎಂಬ ಫಾರ್ಮಿನಲ್ಲಿ ಕಟ್ಟಬೇಕು. ಕಾರಣ ಕೇಳುವಲ್ಲಿ ಪರಿಶೀಲನೆಯ ಆಯ್ಕೆ ಹಿಡಿದು ಯಾವ ನೋಟಿಸಿಗೆ ಸಂಬಂಧಿಸಿದ್ದು ಎಂದು ಅದರ ಸಂಖ್ಯೆ ಕೊಡಿ.

ಬಡ್ಡಿ ವರ್ಷಕ್ಕೆ ಶೇಕಡಾ 18. ಜನವರಿ–ಮಾರ್ಚ್ ಕಂತಿನ 3Bಗೆ ಕೇರಳದಲ್ಲಿ ಕೊನೆಯ ದಿನ 2025ರ ಏಪ್ರಿಲ್ 22. ಕಟ್ಟುವುದು 2026ರ ಫೆಬ್ರವರಿ 2 ಎಂದುಕೊಂಡರೆ 286 ದಿನ. 11,520ಕ್ಕೆ ಬಡ್ಡಿ 1,625 ರೂಪಾಯಿ. 12,600ಕ್ಕೆ 1,777. ತಪ್ಪಾಗಿ ಪಡೆದ ಕ್ರೆಡಿಟಿಗೆ ಬಡ್ಡಿ ಬೀಳುವುದು ಅದನ್ನು ಬಳಸಿದ್ದರೆ ಮಾತ್ರ. ಪೋರ್ಟಲಿನ ಕ್ರೆಡಿಟ್ ಲೆಜರಿನಲ್ಲಿ ಉಳಿಕೆ ಆ ಮೊತ್ತಕ್ಕಿಂತ ಎಂದೂ ಕೆಳಗಿಳಿದಿಲ್ಲವಾದರೆ ಬಡ್ಡಿ ಇಲ್ಲ. ಲೆಜರಿನ ಪ್ರತಿಯನ್ನು ತೆಗೆದು ನೋಡಿ. ಬಹಳ ಸಲ ಇಲ್ಲಿ ನಾಲ್ಕು ಕಾಸು ಉಳಿಯುತ್ತದೆ. ನಮ್ಮ ಅಂಗಡಿಯಲ್ಲಿ ಏಪ್ರಿಲ್ 22ಕ್ಕೇ ಉಳಿಕೆ ಸೊನ್ನೆಯಾಗಿತ್ತು, ಹಾಗಾಗಿ ಬಡ್ಡಿ ಇದೆ.

ಮೊದಲೇ ತೆಗೆದುಕೊಂಡ 7,560ಕ್ಕೆ ಜುಲೈ 22ರವರೆಗಿನ 91 ದಿನಕ್ಕೆ 339 ರೂಪಾಯಿ ಬರುತ್ತದೆ. ತೆರಿಗೆ ಸರ್ಕಾರಕ್ಕೆ ಸೇರಿಯೇ ಇದೆ, ಇದಕ್ಕೇಕೆ ಬಡ್ಡಿ ಎಂದು ವಾದಿಸುವವರಿದ್ದಾರೆ. ನನ್ನ ಸಲಹೆ, 339 ಕಟ್ಟಿ ಆ ವಿಷಯ ಮುಗಿಸಿಬಿಡಿ.

ಒಟ್ಟು ತೆರಿಗೆ 24,120, ಬಡ್ಡಿ 3,741. ತೆರಿಗೆಯನ್ನು ಕ್ರೆಡಿಟ್ ಉಳಿಕೆಯಿಂದ ಕಟ್ಟಬಹುದು, ಬಡ್ಡಿಗೆ ನಗದೇ ಆಗಬೇಕು. ಶೋಕಾಸ್ ನೋಟಿಸಿಗೆ ಮುಂಚೆ ತೆರಿಗೆ ಮತ್ತು ಬಡ್ಡಿ ಕಟ್ಟಿದರೆ, ವಂಚನೆಯ ಆರೋಪವಿಲ್ಲದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ದಂಡವಿಲ್ಲ. ಆದರೆ ಗ್ರಾಹಕರಿಂದ ತೆರಿಗೆ ವಸೂಲು ಮಾಡಿ 30 ದಿನದೊಳಗೆ ಕಟ್ಟದೆ ಇಟ್ಟುಕೊಂಡದ್ದಕ್ಕೆ ದಂಡ ಕೇಳುವ ಅಧಿಕಾರ ಕಾನೂನಿನಲ್ಲಿ ಬೇರೆಯೇ ಇದೆ. ಗುತ್ತಿಗೆದಾರರ ಬಿಲ್ಲು ಹೇಗೆ ಬಿಟ್ಟುಹೋಯಿತು ಎಂಬುದನ್ನು ಪತ್ರದಲ್ಲಿ ಚೆನ್ನಾಗಿ ವಿವರಿಸಬೇಕಾಗುವುದು ಇದಕ್ಕಾಗಿ.

6. ಪತ್ರ

ಭಾಷೆಯ ಬಗ್ಗೆ ಮೊದಲೊಂದು ಮಾತು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ರಾಜ್ಯ ಸರ್ಕಾರಿ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲಿ ವ್ಯವಹರಿಸಬಹುದು. ಈ ಹಕ್ಕನ್ನು ಬಳಸಿ. ಜೊತೆಗೆ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಿ, ಏಕೆಂದರೆ ಕಡತ ಮೇಲ್ಮನವಿಗೆ ಹೋದರೆ ಬೇರೆ ಜಿಲ್ಲೆಯ ಅಧಿಕಾರಿ ಓದಬೇಕಾಗುತ್ತದೆ. ನೋಟಿಸ್ ಕೇಂದ್ರ ಜಿಎಸ್‌ಟಿ ಕಚೇರಿಯದ್ದಾದರೆ ರಾಜ್ಯದ ಈ ಕಾಯ್ದೆ ಅನ್ವಯಿಸುವುದಿಲ್ಲ, ಇಂಗ್ಲಿಷಿನಲ್ಲಿಯೇ ಬರೆಸಿ.

ಮಾದರಿ ಹೀಗಿರಲಿ:

> ಇವರಿಗೆ,
> ರಾಜ್ಯ ತೆರಿಗೆ ಅಧಿಕಾರಿಗಳು, (ನೋಟಿಸಿನಲ್ಲಿರುವ ಕಚೇರಿಯ ವಿಳಾಸ)
>
> ಮಾನ್ಯರೇ,
>
> ವಿಷಯ: 2024-25ರ ಪರಿಶೀಲನಾ ನೋಟಿಸಿಗೆ ವಿವರಣೆ
> ಉಲ್ಲೇಖ: ASMT-10, ಸಂಖ್ಯೆ ........, ದಿನಾಂಕ 12-01-2026. ನಮ್ಮ ಜಿಎಸ್‌ಟಿ ನೋಂದಣಿ ಸಂಖ್ಯೆ 32............
>
> ಮೊದಲನೆಯ ಆಕ್ಷೇಪ: ಪುಸ್ತಕದ ಮಾರಾಟವು ರಿಟರ್ನಿಗಿಂತ 1,42,400 ರೂಪಾಯಿ ಹೆಚ್ಚು ಇರುವುದು ನಿಜ. ಅದರ ವಿವರ:
>
> | ಕಾರಣ | ರೂಪಾಯಿ | ತೆರಿಗೆ ಬಾಕಿ |
> |---|---|---|
> | ರಿಟರ್ನಿನಲ್ಲಿ ಬಿಟ್ಟುಹೋದ 28-03-2025ರ ಬಿಲ್ಲು | 64,000 | 11,520 |
> | ನಗದು ಮಾರಾಟದ ತೆರಿಗೆಯೂ ಮಾರಾಟದ ಖಾತೆಗೆ ಸೇರಿದ್ದು | 90,000 | ಇಲ್ಲ |
> | ಮುಂದಿನ ಕಂತಿನಲ್ಲಿ ತೋರಿಸಿದ ಕ್ರೆಡಿಟ್ ನೋಟ್ (ಕಳೆಯಿರಿ) | 11,600 | ಇಲ್ಲ |
> | ಒಟ್ಟು | 1,42,400 | 11,520 |
>
> ಬಿಟ್ಟುಹೋದ ಬಿಲ್ಲನ್ನು ಕೈಬಿಲ್ ಪುಸ್ತಕದಲ್ಲಿ ಬರೆದಿದ್ದು, ಕಂಪ್ಯೂಟರ್ ಬಿಲ್ಲುಗಳಿಂದ ಮಾತ್ರ ರಿಟರ್ನ್ ತಯಾರಿಸಿದ್ದರಿಂದ ಸೇರಲಿಲ್ಲ. ಬಿಲ್ಲು ನಮ್ಮ ಪುಸ್ತಕದಲ್ಲಿ ಅದೇ ದಿನಾಂಕಕ್ಕೆ ನಮೂದಾಗಿದೆ. 90,000 ರೂಪಾಯಿ ತೆರಿಗೆ ಈಗಾಗಲೇ ಪಾವತಿಯಾಗಿದೆ.
>
> ಎರಡನೆಯ ಆಕ್ಷೇಪ: 20,160ರಲ್ಲಿ 12,600 ರೂಪಾಯಿಯ ಕ್ರೆಡಿಟ್ ನಮಗೆ ಲಭ್ಯವಿಲ್ಲವೆಂದು ಒಪ್ಪಿ ಹಿಂದಿರುಗಿಸಿದ್ದೇವೆ. ಉಳಿದ 7,560 ರೂಪಾಯಿಯ ಬಿಲ್ಲು ಏಪ್ರಿಲ್–ಜೂನ್ 2025ರ GSTR-2Bಯಲ್ಲಿದೆ. ಆ ಕಂತಿನಲ್ಲಿ ಇದನ್ನು ಮತ್ತೆ ಪಡೆದಿಲ್ಲ. ಮೊದಲೇ ಪಡೆದುದಕ್ಕೆ ಬಡ್ಡಿ ಕಟ್ಟಿದ್ದೇವೆ.
>
> ತೆರಿಗೆ 24,120 ಮತ್ತು ಬಡ್ಡಿ 3,741 ರೂಪಾಯಿಯನ್ನು 02-02-2026ರ DRC-03, ಸಂಖ್ಯೆ ........ ಮೂಲಕ ಪಾವತಿಸಿದ್ದೇವೆ. ಈ ವಿವರಣೆಯನ್ನು ಅಂಗೀಕರಿಸಿ ಮುಂದಿನ ಕ್ರಮವನ್ನು ಕೈಬಿಡಬೇಕೆಂದೂ, ಒಪ್ಪಿಗೆಯಾಗದ ಅಂಶವಿದ್ದರೆ ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದೂ ಕೋರುತ್ತೇವೆ.
>
> ಇಂತಿ, (ಮಾಲೀಕರ ಸಹಿ, ಸ್ಥಳ, ದಿನಾಂಕ)

ಇದರಲ್ಲಿ ಗಮನಿಸಿ: ಪ್ರತಿ ಆಕ್ಷೇಪಕ್ಕೂ ನೋಟಿಸಿನ ಕ್ರಮದಲ್ಲಿಯೇ ಉತ್ತರವಿದೆ. ಒಪ್ಪಿದ್ದನ್ನು ಒಪ್ಪಿದ್ದೇವೆ ಎಂದೂ, ಬಾಕಿ ಇಲ್ಲದ್ದನ್ನು ಇಲ್ಲ ಎಂದೂ ಬಿಡಿಸಿ ಹೇಳಿದೆ. ಬಿಲ್ಲು ಬಿಟ್ಟುಹೋದ ಕಾರಣ ನಿಮ್ಮ ಅಂಗಡಿಯಲ್ಲಿ ಬೇರೆ ಇರಬಹುದು, ನಡೆದದ್ದನ್ನೇ ಬರೆಯಿರಿ. ಮಾದರಿಯ ಕಾರಣವನ್ನು ನಕಲು ಮಾಡಿದರೆ, ಅಧಿಕಾರಿ ಕೈಬಿಲ್ ಪುಸ್ತಕ ತನ್ನಿ ಎಂದ ದಿನ ಸಿಕ್ಕಿಬೀಳುತ್ತೀರಿ.

ಲಗತ್ತುಗಳಿಗೆ ಕ್ರಮಸಂಖ್ಯೆ ಹಾಕಿ: ಮಾರ್ಚ್ 28ರ ಬಿಲ್ಲು, ನಗದು ಮಾರಾಟದ ಖಾತೆಪುಟ ಮತ್ತು ಅದೇ ದಿನಗಳ ಬಿಲ್ಲುಗಳ ಒಟ್ಟು, ಕ್ರೆಡಿಟ್ ನೋಟ್, ಮಂಗಳೂರಿನ ಎರಡು ಬಿಲ್ಲು, ಎರಡು ಕಂತುಗಳ 2B, ಕ್ರೆಡಿಟ್ ಲೆಜರ್, DRC-03. ಇಡೀ ವರ್ಷದ ಬಿಲ್ಲು ಪುಸ್ತಕವನ್ನು ಸ್ಕ್ಯಾನ್ ಮಾಡಿ ಸುರಿಯಬೇಡಿ. ಬೇಕಾದ ಪುಟ ಅದರೊಳಗೆ ಕಳೆದುಹೋಗುತ್ತದೆ.

7. ಸಲ್ಲಿಕೆ ಮತ್ತು ಆಮೇಲೆ

ಪತ್ರವನ್ನು ಕಚೇರಿಗೆ ಹೋಗಿ ಕೊಟ್ಟುಬಂದರೆ ಸಾಲದು. ಪೋರ್ಟಲಿನಲ್ಲಿ ಅದೇ ನೋಟಿಸನ್ನು ತೆರೆದು, ಉತ್ತರದ ಜಾಗದಲ್ಲಿ ASMT-11 ತುಂಬಿ, ಪತ್ರವನ್ನು ಲಗತ್ತಿಸಿ ಸಲ್ಲಿಸಬೇಕು. ಸಲ್ಲಿಸಿದ ಕೂಡಲೇ ಬರುವ ಸ್ವೀಕೃತಿ ಸಂಖ್ಯೆಯ ಪುಟವನ್ನು ಮುದ್ರಿಸಿಡಿ. ಅಧಿಕಾರಿಯೊಡನೆ ಫೋನಿನಲ್ಲಿ ಮಾತನಾಡಿ "ಸರಿ, ನೋಡುತ್ತೇನೆ" ಎಂದು ಅವರು ಹೇಳಿದ್ದು ಉತ್ತರವಾಗುವುದಿಲ್ಲ. ದಾಖಲೆ ಸಿಗಲು ತಡವಾಗುವುದಾದರೆ ಗಡುವು ಮುಗಿಯುವ ಮೊದಲೇ, ಕಾರಣ ಬರೆದು ಹೆಚ್ಚಿನ ಸಮಯ ಕೇಳಿ.

ವಿವರಣೆ ಒಪ್ಪಿಗೆಯಾದರೆ ASMT-12 ಬರುತ್ತದೆ. ಹಣ ಕಟ್ಟಿಯಾಯಿತು ಎಂದು ಸುಮ್ಮನಾಗದೆ, ಅದು ಬರುವವರೆಗೆ ತಿಂಗಳಿಗೊಮ್ಮೆಯಾದರೂ ಮೊದಲು ಹೇಳಿದ ಪುಟವನ್ನು ತೆರೆದು ನೋಡುತ್ತಿರಿ. ಒಪ್ಪಿಗೆಯಾಗದಿದ್ದರೆ ಅಥವಾ ನೀವು ಉತ್ತರಿಸದೇ ಇದ್ದರೆ ಶೋಕಾಸ್ ನೋಟಿಸಿನ ದಾರಿ ತೆರೆಯುತ್ತದೆ. 2024-25 ಮತ್ತು ನಂತರದ ವರ್ಷಗಳಿಗೆ ಅದು ಸೆಕ್ಷನ್ 74ಎ ಪ್ರಕಾರ, ಅದಕ್ಕಿಂತ ಹಿಂದಿನ ವರ್ಷಗಳಿಗೆ 73 ಅಥವಾ 74ರ ಪ್ರಕಾರ. ಆಗಲೂ ನಿಮ್ಮ ಮೊದಲ ಸಾಕ್ಷ್ಯ ಈಗ ಬರೆದ ಪತ್ರವೇ. ಅದರ ಒಂದು ಪ್ರತಿಯನ್ನು ಲಗತ್ತುಗಳ ಸಹಿತ, ಆ ವರ್ಷದ ಬಿಲ್ ಪುಸ್ತಕಗಳ ಜೊತೆಯಲ್ಲೇ ಕಟ್ಟಿಡಿ.